ಜಾಹೀರಾತು ನೋಡಿದ ಮೇಲೂ "ರೊಟ್ಟಿ ಮುರಿಯಲ್ವಾ?" ಅಂತಲೇ ಕೇಳ್ತಾರೆ

ವಿಜಯಪುರ ರೊಟ್ಟಿ: ಮನೆಯಲ್ಲೇ ಖಡಕ್ ರೊಟ್ಟಿ ಮಾಡಿ ಬೆಂಗಳೂರು, ಪುಣೆಗೆ ಪಾರ್ಸಲ್ ಕಳಿಸ್ತೇವೆ. ವಾಟ್ಸಾಪ್‌ನಲ್ಲಿ ಹತ್ತರಲ್ಲಿ ಆರು ಜನ "ದಾರೀಲಿ ಮುರಿಯಲ್ವಾ?" ಅಂತಾರೆ. ಅದಕ್ಕೇ 40 ಸೆಕೆಂಡಿನ ವಿಡಿಯೊ ಹಾಕಿದೆ. ಅಮ್ಮ ರೊಟ್ಟಿ ಬಡಿಯೋದು, ಒಂದನ್ನು ಕಟಕ್ ಅಂತ ಮುರಿದು ಶೇಂಗಾ ಚಟ್ನಿ ಹಚ್ಚೋದು, ಕೊನೆಗೆ "ಉತ್ತಮ ಪ್ಯಾಕಿಂಗ್" ಅಂತ ಅಕ್ಷರ. ಲೈಕ್ ಚೆನ್ನಾಗಿ ಬಂದವು, ಆದರೆ ಮೆಸೇಜ್ ಮಾಡಿದವರು ಮತ್ತೆ ಅದನ್ನೇ ಕೇಳ್ತಿದ್ದಾರೆ. ಎಲ್ಲಿ ತಪ್ಪಿದೆ?

ಬಾಗಲಕೋಟೆ ಪಾರ್ಸಲ್: ಅಕ್ಕಾ, ಡಬ್ಬಿಯಲ್ಲಿ ಖಾಲಿ ಜಾಗ ಬಿಡಬೇಡಿ, ಪೇಪರ್ ತುರುಕಿ. ಅಲುಗಾಡಿದರೇನೇ ಮುರಿಯೋದು.

ವಿಜಯಪುರ ರೊಟ್ಟಿ: ಪ್ಯಾಕಿಂಗ್ ಸರಿಯಾಗೇ ಇದೆ ಅಣ್ಣಾ. 25ರಲ್ಲಿ ಒಂದೋ ಎರಡೋ ಮುರಿದಿರುತ್ತೆ ಅಷ್ಟೇ. ನಾನು ಕೇಳಿದ್ದು ಜಾಹೀರಾತಿನ ಬಗ್ಗೆ.

ಗೋಕಾಕ ಹುಡುಗ: 40 ಸೆಕೆಂಡ್ ಯಾರೂ ನೋಡಲ್ಲ, 15ಕ್ಕೆ ಇಳಿಸಿ. ಜೊತೆಗೆ ರೇಟ್ ಕಡಿಮೆ ಮಾಡಿ, ತಾನಾಗೇ ತಗೋತಾರೆ.

ಬೆಳಗಾವಿ ಬರಹ: ವಿಡಿಯೊ ಚಿಕ್ಕದು ಮಾಡಿ ಅನ್ನೋದು ಸರಿ. ರೇಟ್ ಬೇಡ, ಮುರಿದು ಬರುತ್ತೆ ಅಂತ ಹೆದರಿದವರಿಗೆ ಹತ್ತು ರೂಪಾಯಿ ಕಡಿಮೆ ಮಾಡಿದರೆ ಅನುಮಾನ ಇನ್ನೂ ಜಾಸ್ತಿ ಆಗುತ್ತೆ. ಅಕ್ಕಾ, ನಿಮ್ಮ ವಿಡಿಯೊದಲ್ಲಿ ರೊಟ್ಟಿ ಮುರಿಯೋದನ್ನ ನೀವೇ ತೋರಿಸಿದ್ದೀರಿ! ನಿಮಗೆ ಅದು ಖಡಕ್ ಇದೆ ಅನ್ನೋದಕ್ಕೆ ಸಾಕ್ಷಿ, ಪುಣೆಯವರಿಗೆ ಅದೇ ಭಯ. ಆ ತುಣುಕು ತೆಗೀರಿ.

ಮೊದಲ ಮೂರು ಸೆಕೆಂಡ್ ಅವರ ಮಾತನ್ನೇ ಪರದೆ ಮೇಲೆ ಹಾಕಿ: "ದಾರೀಲಿ ಮುರಿಯಲ್ವಾ?" ಸುಮಾರು ಜನ ಸೌಂಡ್ ಇಲ್ಲದೇ ನೋಡ್ತಾರೆ, ಹಾಗಾಗಿ ಅಕ್ಷರ ಬೇಕೇ ಬೇಕು. ಆಮೇಲೆ ಪ್ಯಾಕ್ ಆದ ಡಬ್ಬಿಯನ್ನು ಸೊಂಟದೆತ್ತರದಿಂದ ಬೀಳಿಸಿ, ಕ್ಯಾಮೆರಾ ನಿಲ್ಲಿಸದೆ ಅಲ್ಲೇ ಬಿಚ್ಚಿ ಎಣಿಸಿ. ನಡುವೆ ಕಟ್ ಮಾಡಿದರೆ ಡಬ್ಬಿ ಬದಲಾಯಿಸಿದಿರಿ ಅಂತಾರೆ. ಕೊನೆಗೆ ಒಂದೇ ಸಾಲು: "ಮುರಿದಷ್ಟು ರೊಟ್ಟಿಯ ದುಡ್ಡು ವಾಪಸ್, ಫೋಟೊ ಕಳಿಸಿ ಸಾಕು." ಒಂದೂ ಮುರಿಯಲ್ಲ ಅಂತ ಮಾತ್ರ ಹೇಳಬೇಡಿ, ಅದು ಸುಳ್ಳು. ಚಟ್ನಿಗೆ ಬೇರೆ ವಿಡಿಯೊ ಮಾಡಿ.

ಹಾಕಿದ ಮೇಲೆ ಲೈಕ್ ನೋಡಬೇಡಿ. ಮುಂದಿನ 50 ಹೊಸ ಮೆಸೇಜ್‌ಗಳಲ್ಲಿ ಆ ಪ್ರಶ್ನೆ ಎಷ್ಟು ಬಂತು, ಆರ್ಡರ್ ಎಷ್ಟು ಬಂತು, ಎರಡನ್ನೂ ಬರೆದಿಡಿ. ಪ್ರಶ್ನೆ ಕಡಿಮೆಯಾಗಿ ಆರ್ಡರ್ ಏರದಿದ್ದರೆ ತಡೀತಿರೋದು ಬೇರೇನೋ, ಬಹುಶಃ ಪಾರ್ಸಲ್ ಚಾರ್ಜು.

ಇಳಕಲ್ ಸೀರೆ: ನನ್ನನ್ನೂ ಇಬ್ಬರು ಮೂವರು "ಬಣ್ಣ ಬಿಡುತ್ತಾ?" ಅಂತ ಕೇಳಿದ್ದರು. ನಾನೂ ಹೀಗೇ ಮಾಡಲಾ?

ಬೆಳಗಾವಿ ಬರಹ: ಇಬ್ಬರು ಮೂವರೇ ಆದರೆ ಅವರಿಗಷ್ಟೇ ಉತ್ತರ ಕೊಡಿ. ಜಾಹೀರಾತಲ್ಲೇ ಹಾಕಿದರೆ ಇಲ್ಲದ ಅನುಮಾನವನ್ನ ಎಲ್ಲರ ತಲೆಗೆ ಹಾಕಿದಂಗೆ ಆಗುತ್ತೆ.

ಇಳಕಲ್ ಸೀರೆ: ಕೇಳದೇ ಸುಮ್ನೆ ಹೋದವರೂ ಇರ್ತಾರಲ್ವಾ?

ಬೆಳಗಾವಿ ಬರಹ: ಇರ್ತಾರೆ, ಒಪ್ಪಿದೆ. ಅವರನ್ನ ಎಣಿಸೋದು ಹೇಗೆ ಅಂತ ನನಗೂ ಗೊತ್ತಿಲ್ಲ.

ವಿಜಯಪುರ ರೊಟ್ಟಿ: ಇವತ್ತು ಶೂಟ್ ಮಾಡಿದೆ. ಬೀಳಿಸಿದಾಗ ಮೂರು ಮುರಿದವು, 22 ಇಡೀ ಉಳಿದವು. ಇದನ್ನೇ ಹಾಕಲಾ?

ಗೋಕಾಕ ಹುಡುಗ: ಬೇಡ ಅಕ್ಕಾ, ಒಂದೂ ಮುರಿಯದೇ ಇರೋದು ಬರೋ ತನಕ ತೆಗೀರಿ.

ಬೆಳಗಾವಿ ಬರಹ: ಇದನ್ನೇ ಹಾಕಿ. ಮುರಿದ ಮೂರನ್ನ ಪಕ್ಕಕ್ಕಿಟ್ಟು "ಇವುಗಳ ದುಡ್ಡು ವಾಪಸ್" ಅಂತ ಅಲ್ಲೇ ತೋರಿಸಿ.