ಅತ್ತೆ ಮುಖ ಫ್ಲಿಪ್ ಮಾಡಿದರೆ ತಪ್ಪೇನು?

ಹುಬ್ಬಳ್ಳಿ ಆಲ್ಬಂ: ಮದುವೆ ಗ್ರೂಪ್ ಫೋಟೋದಲ್ಲಿ ವರನ ಸೋದರತ್ತೆ ಕಣ್ಣು ಮುಚ್ಚಿದ್ದಾರೆ. ಇನ್ನೊಂದು ಫೋಟೋದಲ್ಲಿ ಚೆನ್ನಾಗಿ ನಕ್ಕಿದ್ದಾರೆ, ಆದರೆ ಮುಖ ಆ ಕಡೆ ತಿರುಗಿದೆ. Flip Horizontal ಕೊಟ್ಟು ಕೂರಿಸಿದೆ, ಕೋನ ಹೊಂದಿತು. ಆದರೂ ಮನೆಯವರು "ಇದು ನಮ್ಮ ಅತ್ತೆ ಅಲ್ಲ" ಅಂತಾರೆ. ಯಾಕೆ?

ಗದಗ ಸ್ಟುಡಿಯೋ: ಅವರದ್ದು ಓರೆ ಬೈತಲೆ ಅಲ್ವಾ? ಈಗ ಅದು ಇನ್ನೊಂದು ಕಡೆ ಹೋಗಿದೆ. ತುಟಿ ಮೇಲಿನ ಮಚ್ಚೆಯೂ ಅಷ್ಟೇ. ಕೂದಲು ತರಲೇಬೇಡಿ. ಹುಬ್ಬಿನಿಂದ ಗದ್ದದವರೆಗೆ ಮಾತ್ರ ತಗೊಂಡು ಮಾಸ್ಕಿನ ಅಂಚನ್ನು ಹಣೆಯಲ್ಲೇ ಕರಗಿಸಿ. ಬೈತಲೆ ಗ್ರೂಪ್ ಫೋಟೋದ್ದೇ ಉಳಿಯುತ್ತದೆ. ತಪ್ಪು ಬದಿಯ ಮಚ್ಚೆಯನ್ನು ಹೀಲಿಂಗ್ ಬ್ರಷ್‌ನಿಂದ ಅಳಿಸಿ. ಸರಿ ಬದಿಯಲ್ಲಿ ಮಾಸ್ಕ್ ಸ್ವಲ್ಪ ತೆಗೆದರೆ ಕೆಳಗಿರುವ ನಿಜವಾದ ಮಚ್ಚೆ ಕಾಣುತ್ತದೆ.

ಧಾರವಾಡ ಕಾಕಾ: "ಇದು ಅತ್ತೆ ಅಲ್ಲ" ಅನ್ನೋದೆಲ್ಲ ಸುಮ್ನೆ. ನಾವು ಕನ್ನಡಿಯಲ್ಲಿ ದಿನಾ ನೋಡೋದು ತಿರುಗಿಸಿದ ಮುಖವನ್ನೇ. 1977ರಲ್ಲಿ ಅಮೆರಿಕದಲ್ಲಿ ಪರೀಕ್ಷೆ ಮಾಡಿದ್ದಾರೆ. ಹೆಚ್ಚಿನವರು ಮೆಚ್ಚಿದ್ದು ತಮ್ಮ ಕನ್ನಡಿ ಮುಖವನ್ನೇ!

ಗದಗ ಸ್ಟುಡಿಯೋ: ಅರ್ಧ ಹೇಳಿ ನಿಲ್ಲಿಸಬೇಡಿ ಕಾಕಾ. ಅದೇ ಪರೀಕ್ಷೆಯಲ್ಲಿ ಅವರ ಗೆಳತಿಯರು ಆರಿಸಿದ್ದು ತಿರುಗಿಸದ ಮುಖವನ್ನು. ಆಲ್ಬಂ ನೋಡೋದು ಅತ್ತೆ ಒಬ್ಬರೇನಾ?

ಹಾವೇರಿ ಅಕ್ಕ: ಮಚ್ಚೆ ಬಿಡಿ, ಮೂಗುಬೊಟ್ಟು ಎಲ್ಲಿದೆ? ನಮ್ಮ ಮನೆಯಲ್ಲಿ ಎಲ್ಲರಿಗೂ ಬಲಗಡೆ. ಎಡಕ್ಕೆ ಹೋದರೆ ಯಾರಿಗಾದರೂ ಗೊತ್ತಾಗುತ್ತದೆ.

ಧಾರವಾಡ ಕಾಕಾ: ಬಲಗಡೆನಾ? ನಮ್ಮ ಓಣಿಯಲ್ಲಿ ಎಲ್ಲರದ್ದೂ ಎಡಗಡೆ.

ಹಾವೇರಿ ಅಕ್ಕ: ಓಣಿ ನೋಡಿ ಊರಿಗೇ ಕಾಯ್ದೆ ಮಾಡಬೇಡಿ. ನಮ್ಮಜ್ಜಿಯ ಕಾಲದಿಂದಲೂ ಬಲಗಡೆಯೇ.

ಧಾರವಾಡ ಕಾಕಾ: ನಿಮ್ಮಜ್ಜಿ ಫೋಟೋನೂ ಫ್ಲಿಪ್ ಆಗಿರಬಹುದು!

ಹಾವೇರಿ ಅಕ್ಕ: ಅಜ್ಜಿ ಸುದ್ದಿಗೆ ಬರಬೇಡಿ.

ಹುಬ್ಬಳ್ಳಿ ಆಲ್ಬಂ: ಯಾವ ಕಡೆ ಚುಚ್ಚಬೇಕು ಅಂತ ನಾನು ಕೇಳಿಲ್ಲ. ಬೈತಲೆ, ಮಚ್ಚೆ, ಬೊಟ್ಟು ಮೂರನ್ನೂ ಸರಿಮಾಡಿದೆ. ಈಗಲೂ ಮುಖ ಅಂಟಿಸಿದಂತೆ ಕಾಣುತ್ತದೆ.

ಗದಗ ಸ್ಟುಡಿಯೋ: ಮೂಗಿನ ನೆರಳು ಯಾವ ಕಡೆ ಬಿದ್ದಿದೆ? ಫ್ಲಿಪ್ ಮಾಡಿದರೆ ಬೆಳಕೂ ತಿರುಗುತ್ತದೆ. ಪಕ್ಕದವರ ನೆರಳು ಒಂದು ಕಡೆ, ಅತ್ತೆಯದ್ದು ಇನ್ನೊಂದು ಕಡೆ ಇರುತ್ತದೆ. ಕಣ್ಣಿನ ಹೊಳಪಿನ ಚುಕ್ಕೆ ಜೂಮ್ ಮಾಡಿ ನೋಡಿ, ಅಲ್ಲೇ ಸಿಕ್ಕಿಬೀಳುತ್ತದೆ. ಇನ್ನೊಂದು ಮಾತು. ಫ್ಲಿಪ್ ದಿಕ್ಕನ್ನಷ್ಟೇ ಬದಲಿಸುತ್ತದೆ. ಎಷ್ಟು ತಿರುಗಿತ್ತೋ ಅಷ್ಟೇ ತಿರುಗಿರುತ್ತದೆ, ನೇರ ನೋಡುವ ಮುಖವಂತೂ ಆಗಲ್ಲ. ಅದೇ ಗ್ರೂಪಿನ ಹಿಂದೆ ಮುಂದೆ ಹೊಡೆದ ಫ್ರೇಮ್ ಇರಬೇಕಲ್ಲ? ಅದರಿಂದ ಎರಡು ಕಣ್ಣು ಮಾತ್ರ ತಗೊಳ್ಳಿ. ಫ್ಲಿಪ್ಪೇ ಬೇಡ.

ಧಾರವಾಡ ಕಾಕಾ: "ಫ್ಲಿಪ್ಪೇ ಬೇಡ" ಅನ್ನೋದು ಜಾಸ್ತಿಯಾಯಿತು. ಬೆಳಕು ನೇರ ಮುಂದಿನಿಂದ ಬಿದ್ದಿದ್ದರೆ?

ಗದಗ ಸ್ಟುಡಿಯೋ: ಆಗ ನೆರಳಿನ ಕಾಟ ಇಲ್ಲ. ಮಚ್ಚೆ?

ಹಾವೇರಿ ಅಕ್ಕ: ಮತ್ತೆ ಮೂಗುಬೊಟ್ಟು?

ಹುಬ್ಬಳ್ಳಿ ಆಲ್ಬಂ: ಹಿಂದಿನ ಫ್ರೇಮ್ ಸಿಕ್ಕಿತು. ಅದರಲ್ಲಿ ಅತ್ತೆ ಕಣ್ಣು ಬಿಟ್ಟಿದ್ದಾರೆ, ವರ ಮುಚ್ಚಿದ್ದಾನೆ.