ಒಂದೇ ಗಿಡದಲ್ಲಿ ನೇರಳೆ ಹೂವು, ಬಿಳಿ ಹೂವು: ಯಾವ ಗಿಡ ಇದು?

"ಮೂಡಿಗೆರೆ ಹತ್ತಿರ ಅತ್ತೆ ಮನೆ ಅಂಗಳದಲ್ಲಿ ಒಂದು ಗಿಡ ನೋಡಿದ್ದೆ. ಎದೆಮಟ್ಟ ಎತ್ತರ, ಎಲೆ ಕಾಫಿ ಎಲೆ ಥರ, ಆದರೆ ಚಿಕ್ಕದು. ನೇರಳೆ, ಬಿಳಿ ಎರಡೂ ಹೂವು ಒಂದೇ ಗಿಡದಲ್ಲಿ. ಫೋನ್ ಹಾಳಾಗಿ ಫೋಟೋ ಹೋಯಿತು. ಅತ್ತೆ ಹತ್ತಿರ ಇರುವುದು ಬಟನ್ ಫೋನ್. ಮಾತಿನಲ್ಲೇ ಕೇಳಿ ಗುರುತು ಹಿಡಿಯಲು ಆಗುತ್ತಾ?"

ಸಕಲೇಶಪುರದಿಂದ: ರಂಗೂನ್ ಕ್ರೀಪರ್ ಇರಬೇಕು. ನಮ್ಮ ಗೇಟಿನ ಮೇಲೆ ಹಬ್ಬಿದೆ. ಅದೂ ಬಣ್ಣ ಬದಲಾಯಿಸುತ್ತದೆ, ಒಂದೇ ಗೊಂಚಲಲ್ಲಿ ಬಿಳಿ, ಗುಲಾಬಿ, ಕೆಂಪು ಎಲ್ಲಾ ಕಾಣುತ್ತವೆ.

ಚಿಕ್ಕಮಗಳೂರಿನಿಂದ: ಬಣ್ಣ ಬದಲಾಗುತ್ತದೆ ಅನ್ನುವುದು ಸರಿ, ಆದರೆ ಯಾವ ಕಡೆಗೆ ಬದಲಾಗುತ್ತದೆ ಅನ್ನುವುದೇ ಇಲ್ಲಿ ಮುಖ್ಯ. ರಂಗೂನ್ ಕ್ರೀಪರ್ ಬಿಳಿಯಾಗಿ ಅರಳಿ ಕೆಂಪಾಗುತ್ತದೆ. ನೇರಳೆ ಅದರಲ್ಲಿ ಬರುವುದಿಲ್ಲ, ಮತ್ತು ಅದು ಬಳ್ಳಿ. ನೀವು ಹೇಳಿದ್ದು ಎದೆಮಟ್ಟದ ಪೊದೆ. ನನಗೆ ಇದು ಬ್ರುನ್‌ಫೆಲ್ಸಿಯಾ ಅನ್ನಿಸುತ್ತದೆ. ನರ್ಸರಿಯಲ್ಲಿ 'ಯೆಸ್ಟರ್ಡೇ ಟುಡೇ ಟುಮಾರೋ' ಅಂತ ಕೇಳಿ, ತೋರಿಸುತ್ತಾರೆ. ಗಾಢ ನೇರಳೆಯಾಗಿ ಅರಳಿ, ಮಾರನೇ ದಿನ ತಿಳಿಯಾಗಿ, ಮೂರನೇ ದಿನದ ಹೊತ್ತಿಗೆ ಬಿಳಿಯಾಗುತ್ತದೆ.

ಆದರೆ 'ಕಾಫಿ ಎಲೆ ಥರ' ಅಂದಿದ್ದು ನನ್ನನ್ನು ತಡೆಯುತ್ತಿದೆ. ಕಾಫಿ ಎಲೆ ಎದುರುಬದುರು ಜೋಡಿಯಾಗಿ ಬರುತ್ತದೆ. ಬ್ರುನ್‌ಫೆಲ್ಸಿಯಾದಲ್ಲಿ ಹಾಗಲ್ಲ. ಒಂದು ಎಲೆ ಈ ಕಡೆ, ಇನ್ನೊಂದು ಸ್ವಲ್ಪ ಮೇಲೆ ಆ ಕಡೆ. ಅತ್ತೆಗೆ ಫೋನ್ ಮಾಡಿ, 'ಎಲೆ ಹೇಗಿದೆ' ಅಂತ ಕೇಳಬೇಡಿ, 'ಹಸಿರಾಗಿದೆ' ಅನ್ನುತ್ತಾರೆ ಅಷ್ಟೇ. ಒಂದು ರೆಂಬೆ ಹಿಡಿದು, 'ಎರಡು ಎಲೆ ಒಂದೇ ಗಂಟಿನಿಂದ ಹೊರಟಿವೆಯಾ, ಬೇರೆ ಬೇರೆ ಕಡೆಯಿಂದಲಾ' ಅಂತ ಕೇಳಿ. ಆಮೇಲೆ ಇವತ್ತು ಅರಳಿದ ನೇರಳೆ ಹೂವಿನ ತೊಟ್ಟಿಗೆ ಬಿಳಿ ದಾರ ಸಡಿಲವಾಗಿ ಕಟ್ಟಲು ಹೇಳಿ. ಮೂರು ದಿನ ಅದೇ ಹೂವನ್ನು ನೋಡಲಿ. ಗಿಡದಲ್ಲಿ ಎರಡು ಬಣ್ಣ ಇದ್ದ ಮಾತ್ರಕ್ಕೆ ಬಣ್ಣ ಬದಲಾಗಿದೆ ಅನ್ನಲು ಆಗುವುದಿಲ್ಲ. ಎರಡು ಗಿಡ ಹೆಣೆದುಕೊಂಡು ಬೆಳೆದಿದ್ದರೂ ಹಾಗೇ ಕಾಣುತ್ತದೆ.

ಅರಸೀಕೆರೆಯಿಂದ: ನಮ್ಮ ಮನೆಯಲ್ಲೂ ಇದೆ! ಬೆಳಿಗ್ಗೆ ಬಿಳಿ, ಸಂಜೆಗೆ ಕೆಂಪು. ಎಲೆ ಅಗಲ, ಅಂಗೈ ಥರ ಸೀಳಿದೆ. ಮೊಗ್ಗು ಉದುರುತ್ತಿದೆ, ಏನು ಹಾಕಲಿ?

ಚಿಕ್ಕಮಗಳೂರಿನಿಂದ: ನಿಮ್ಮದು ಬಣ್ಣ ಬದಲಿಸುವ ದಾಸವಾಳ, ಬೇರೆ ಗಿಡ. ಅದು ಒಂದೇ ದಿನದಲ್ಲಿ ಬದಲಾಗುತ್ತದೆ. ಮೊಗ್ಗಿನ ವಿಷಯ ಬೇರೆಯಾಗಿ ಕೇಳಿ, ನೀರು ಎಷ್ಟು ಹಾಕುತ್ತೀರಿ ಅಂತಲೂ ತಿಳಿಸಿ.

ಆಲೂರಿನಿಂದ: ಎಲೆ ಮುಟ್ಟಿದರೆ ಮಖಮಲ್ ಥರ ಇದೆಯಾ ಅಂತಲೂ ಕೇಳಿಸಿ. ನಮ್ಮ ಎಸ್ಟೇಟ್ ಬಂಗಲೆ ಮುಂದೆ ಟಿಬೌಚಿನಾ ಇದೆ. ಅದರ ಎಲೆಯಲ್ಲಿ ಬುಡದಿಂದ ತುದಿಗೆ ಉದ್ದುದ್ದ ನರಗಳು ಎದ್ದು ಕಾಣುತ್ತವೆ. ಹೂವು ನೇರಳೆ, ಆದರೆ ನಾನು ನೋಡಿದ ಹಾಗೆ ಬಿಳಿಯಾಗುವುದಿಲ್ಲ.

ನಾಲ್ಕು ದಿನದ ನಂತರ, ಕೇಳಿದವರಿಂದ: ಅತ್ತೆ ಮೂರು ದಿನವೂ ನೋಡಿದರು. ಎಲೆ ನುಣುಪು, ಜೋಡಿಯಿಲ್ಲ, ಬಿಟ್ಟುಬಿಟ್ಟು ಬಂದಿದೆ. ಕಾಫಿ ಎಲೆ ಥರ ಅಂದಿದ್ದು ನನ್ನ ತಪ್ಪು, ಹೊಳಪು ನೋಡಿ ಹಾಗಂದೆ. ದಾರ ಕಟ್ಟಿದ ಹೂವು ಮಾರನೇ ದಿನ 'ಬಿಸಿಲಿಗೆ ಒಣಹಾಕಿದ ಸೀರೆ ಬಣ್ಣ' ಆಯಿತಂತೆ, ಮೂರನೇ ದಿನ ಬಿಳಿ. ಸಂಜೆ ಹೊತ್ತು ಅಂಗಳಕ್ಕೆಲ್ಲ ಘಮ ಅಂತ ಹೇಳಿದರು.

ಚಿಕ್ಕಮಗಳೂರಿನಿಂದ: ಹಾಗಿದ್ದರೆ ಬ್ರುನ್‌ಫೆಲ್ಸಿಯಾ ಅನ್ನುವುದು ಬಹುತೇಕ ಖಚಿತ. ಯಾವ ಬ್ರುನ್‌ಫೆಲ್ಸಿಯಾ ಅನ್ನುವುದು ಮಾತ್ರ ಫೋನಿನಲ್ಲಿ ತೀರ್ಮಾನ ಆಗುವುದಿಲ್ಲ. ಪೌಸಿಫ್ಲೋರಾದ ಹೂವು ದೊಡ್ಡದು, ವಾಸನೆ ಕಮ್ಮಿ. ಇಷ್ಟು ಘಮ ಇದ್ದರೆ ಯುನಿಫ್ಲೋರಾ ಅಥವಾ ಅದರ ಹತ್ತಿರದ್ದು ಇರಬಹುದು. ಹೂವಿನ ಪಕ್ಕ ಹತ್ತು ರೂಪಾಯಿ ನಾಣ್ಯ ಹಿಡಿದು, ನಾಣ್ಯಕ್ಕಿಂತ ಎಷ್ಟು ಅಗಲ ಅಂತ ನೋಡಲಿ.

ಇನ್ನೊಂದು ಮಾತು. ಮನೆಯಲ್ಲಿ ನಾಯಿ ಇದ್ದರೆ ಬಿದ್ದ ಕಾಯಿ, ಬೀಜ ದಿನಾ ಆರಿಸಿ ತೆಗೆಯಿರಿ. ಇದು ಬದನೆ, ಉಮ್ಮತ್ತಿಯ ಕುಲದ್ದು. ನಾಯಿ ತಿಂದರೆ ನಡುಕ ಬಂದು ಫಿಟ್ಸ್ ಆಗುತ್ತದೆ. ತಿಂದದ್ದು ಗೊತ್ತಾದ ಕೂಡಲೇ, ನಡುಕ ಬರುವ ತನಕ ಕಾಯದೆ, ಪಶುವೈದ್ಯರ ಹತ್ತಿರ ಹೋಗಬೇಕು.

ಸಕಲೇಶಪುರದಿಂದ: ಆದರೆ ರಂಗೂನ್ ಕ್ರೀಪರ್ ಕೂಡ ಸಂಜೆಯೇ ಘಮಿಸುತ್ತದೆ, ಅಲ್ವಾ?

ಚಿಕ್ಕಮಗಳೂರಿನಿಂದ: ಘಮಿಸುತ್ತದೆ. ಅದಕ್ಕೇ ವಾಸನೆ ಕೇಳುವ ಮೊದಲು ಎಲೆ ಕೇಳಿದ್ದು. ಅದರ ಎಲೆ ಜೋಡಿ.

ಕೇಳಿದವರಿಂದ: ನಾಣ್ಯ ಇಟ್ಟು ನೋಡಲು ಹೇಳಿದ್ದೇನೆ. ಹೂವು, ಎಲೆ ಇರುವ ಒಂದು ರೆಂಬೆಯನ್ನು ಒದ್ದೆ ಪೇಪರಿನಲ್ಲಿ ಸುತ್ತಿ ಭಾನುವಾರದ ಬಸ್ಸಿಗೆ ಕೊಟ್ಟು ಕಳಿಸುತ್ತಾರಂತೆ. ಅತ್ತೆ ಮನೆಯಲ್ಲಿ ಎರಡು ನಾಯಿ ಇವೆ, ಕಾಯಿಯ ವಿಷಯ ಈಗಲೇ ಫೋನ್ ಮಾಡಿ ಹೇಳುತ್ತೇನೆ.