‘ಶೂನ್ಯದ ಕಡೆಗೆ’ ಎಂದರೆ ಎತ್ತ ಕಡೆಗೆ? ಎರಡು ಬಗೆಯ ತಪ್ಪಿಗೆ ಪದ ಬೇಕಾಗಿದೆ

ಧಾರವಾಡದಿಂದ, ಅನುವಾದಕಿ:

ಬಳಗದ ಎಲ್ಲರಿಗೂ ನಮಸ್ಕಾರ. ರೋಗಗಳ ಸಮೀಕ್ಷೆಗೆ ಹೋಗುವ ಶುಶ್ರೂಷಕಿಯರಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೂರು ದಿನದಿಂದ ಒಂದೇ ವಾಕ್ಯದಲ್ಲಿ ಸಿಕ್ಕಿಕೊಂಡಿದ್ದೇನೆ. ಹೊಗೆಸೊಪ್ಪು ಜಗಿಯುವವರನ್ನು ಜಗಿಯದವರೆಂದೋ, ಜಗಿಯದವರನ್ನು ಜಗಿಯುವವರೆಂದೋ ಬರೆದುಕೊಂಡರೆ ಅದು ‘ಮಿಸ್‌ಕ್ಲಾಸಿಫಿಕೇಶನ್’. ಅದರಲ್ಲಿ ‘ನಾನ್‌ಡಿಫರೆನ್ಶಿಯಲ್’, ‘ಡಿಫರೆನ್ಶಿಯಲ್’ ಎಂದು ಎರಡು ಬಗೆ. ನಾನು ಬರೆದದ್ದು ಹೀಗಿದೆ:

“ಅಭೇದಾತ್ಮಕ ತಪ್ಪು ವರ್ಗೀಕರಣವು ಅಂದಾಜನ್ನು ಶೂನ್ಯದ ಕಡೆಗೆ ಇಳಿಸುತ್ತದೆ, ಭೇದಾತ್ಮಕವಾದದ್ದು ಎತ್ತ ಬೇಕಾದರೂ ಒಯ್ಯಬಹುದು.”

ಕರಡು ಓದಿದ ಶುಶ್ರೂಷಕಿಯೊಬ್ಬರು, “ಯಾರಿಗೂ ಭೇದ ಮಾಡದಿರುವುದು ಒಳ್ಳೆಯದೇ ಅಲ್ಲವೇ? ಅದು ಹೇಗೆ ತಪ್ಪಾಯಿತು?” ಎಂದು ಕೇಳಿದರು. ಭೇದ ಎಂದ ಕೂಡಲೇ ಜಾತಿಭೇದ, ಲಿಂಗಭೇದ ನೆನಪಾಗುವುದು ಸಹಜ. ಬೇರೆ ಪದ ಸೂಚಿಸುವಿರಾ? ವಾಕ್ಯ ಸರಿಯಿದೆಯೇ ಎಂಬುದನ್ನೂ ತಿಳಿದವರು ಹೇಳಬೇಕು.

ಮೈಸೂರಿನಿಂದ, ನಿವೃತ್ತ ಗಣಿತ ಅಧ್ಯಾಪಕರು:

ಇದಕ್ಕೆ ಮೂರು ದಿನ ಏಕಮ್ಮ? ಡಿಫರೆನ್ಶಿಯಲ್‌ಗೆ ಕನ್ನಡದಲ್ಲಿ ‘ಅವಕಲ’ ಎಂಬ ಪದ ಎಂದೋ ನೆಲೆಗೊಂಡಿದೆ. ಅವಕಲ ಸಮೀಕರಣಗಳನ್ನು ನಾನು ವರ್ಷಗಟ್ಟಲೆ ಕಲಿಸಿದ್ದೇನೆ. ‘ಅವಕಲ ತಪ್ಪು’, ‘ನಿರವಕಲ ತಪ್ಪು’ ಎನ್ನಿ. ಇರುವ ಪದವನ್ನು ಬಿಟ್ಟು ಹೊಸದನ್ನು ಹುಡುಕುವುದು ನಮ್ಮ ಬಳಗದ ಹಳೆಯ ಚಾಳಿ.

ಹುಬ್ಬಳ್ಳಿಯಿಂದ, ಇನ್ನೊಬ್ಬ ಸದಸ್ಯರು:

ಮೇಷ್ಟ್ರೇ, ನನ್ನ ತಮ್ಮನ ಗ್ಯಾರೇಜಿನಲ್ಲಿ ಡಿಫರೆನ್ಶಿಯಲ್ ಎಂದರೆ ಲಾರಿಯ ಹಿಂದಿನ ಆಕ್ಸಲಿನ ನಡುವೆ ಇರುವ ಗುಂಡು. ಲಾರಿ ತಿರುವಿನಲ್ಲಿ ಹೋಗುವಾಗ ಎಡ ಚಕ್ರ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಉರುಳಲು ಬಿಡುವುದು ಅದರ ಕೆಲಸ. ಈ ಅರ್ಥ ಇಲ್ಲಿಗೆ ಹೊಂದುತ್ತದೆಯೋ ಇಲ್ಲವೋ ತಿಳಿಯದು, ನೆನಪಾಯಿತು, ಬರೆದೆ.

ಕಲಬುರಗಿಯಿಂದ, ಸಮುದಾಯ ವೈದ್ಯಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿ:

ಮೇಡಂ, ನಿಮ್ಮ ವಾಕ್ಯ ಸರಿಯಾಗಿದೆ, ಪರೀಕ್ಷೆಯಲ್ಲಿ ನಾವೂ ಹಾಗೆಯೇ ಬರೆಯುತ್ತೇವೆ. ನಾನ್‌ಡಿಫರೆನ್ಶಿಯಲ್ ಎಂದರೆ ತಪ್ಪು ಎರಡೂ ಗುಂಪಿನಲ್ಲಿ ಒಂದೇ ಪ್ರಮಾಣದಲ್ಲಿ ಇರುತ್ತದೆ. ತಕ್ಕಡಿಯ ಎರಡೂ ತಟ್ಟೆಗೆ ಒಂದೇ ತೂಕದ ಕಲ್ಲು ಹಾಕಿದ ಹಾಗೆ. ಅದು ಯಾವಾಗಲೂ ಸಂಬಂಧವನ್ನು ಕಡಿಮೆ ಮಾಡಿಯೇ ತೋರಿಸುತ್ತದೆ. ಆದ್ದರಿಂದ ಅಷ್ಟಾಗಿಯೂ ಸಂಬಂಧ ಕಂಡರೆ ನಿಜವಾದದ್ದು ಅದಕ್ಕಿಂತ ದೊಡ್ಡದು ಎಂದು ಧೈರ್ಯವಾಗಿ ಹೇಳಬಹುದು. ‘ನಿರಪಾಯ ತಪ್ಪು’ ಎಂದರೆ ಹೇಗೆ?

ಬೆಂಗಳೂರಿನಿಂದ, ಕ್ಯಾನ್ಸರ್ ಸಮೀಕ್ಷೆಗಳಲ್ಲಿ ಕೆಲಸ ಮಾಡಿದವರು:

‘ನಿರಪಾಯ’ ಮಾತ್ರ ಬೇಡ. ಈ ತಪ್ಪುಗಳ ಜೊತೆ ಹೆಚ್ಚು ಕಾಲ ಏಗಿದವನು ನಾನು, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮೊದಲು ಗ್ಯಾರೇಜಿನ ಮಾತು. ಅವಕಲಕ್ಕಿಂತ ಅದೇ ಹತ್ತಿರ. ಇಲ್ಲಿ ಎರಡು ಚಕ್ರಗಳೆಂದರೆ ರೋಗಿಗಳು ಮತ್ತು ಹೋಲಿಕೆಗೆಂದು ಆರಿಸಿದ ಆರೋಗ್ಯವಂತರು. ತಪ್ಪಿನ ಪ್ರಮಾಣ ಎರಡೂ ಕಡೆ ಒಂದೇ ಇದ್ದರೆ ಒಂದು ಬಗೆ, ಬೇರೆ ಬೇರೆ ಇದ್ದರೆ ಇನ್ನೊಂದು ಬಗೆ. ಗಣಿತದ ಅವಕಲಕ್ಕೂ ಇದಕ್ಕೂ ನಂಟಿಲ್ಲ.

ತಕ್ಕಡಿಯ ಹೋಲಿಕೆ ದಾರಿ ತಪ್ಪಿಸುತ್ತದೆ. ಎರಡೂ ತಟ್ಟೆಗೆ ಒಂದೇ ಕಲ್ಲು ಹಾಕಿದರೆ ತೂಕದ ವ್ಯತ್ಯಾಸ ಹಾಗೆಯೇ ಉಳಿಯಬೇಕಲ್ಲ, ಇಲ್ಲಿ ವ್ಯತ್ಯಾಸವೇ ಕರಗುತ್ತದೆ. ಹಂಡೆಯ ಬಿಸಿನೀರು, ಪಕ್ಕದ ಕೊಡದ ತಣ್ಣೀರು ಎಂದುಕೊಳ್ಳಿ. ಜಗಿಯುವವರು ಬಿಸಿನೀರು, ಜಗಿಯದವರು ತಣ್ಣೀರು. ಇದರಿಂದ ಒಂದು ಚೊಂಬು ಅದಕ್ಕೆ, ಅದರಿಂದ ಒಂದು ಚೊಂಬು ಇದಕ್ಕೆ ಸುರಿದರೆ ಎರಡೂ ಉಗುರುಬೆಚ್ಚಗಿನ ಕಡೆಗೆ ಬರುತ್ತವೆ. ಬಿಸಿನೀರು ಮಾತ್ರ ತಣ್ಣೀರಿಗೆ ಬಿದ್ದರೂ ಅಂತರ ಕುಗ್ಗುತ್ತದೆ.

ಲೆಕ್ಕದಲ್ಲಿ ನೋಡೋಣ. ಅಂಕಿಗಳು ತಿಳಿಯಲೆಂದು ನಾನೇ ಇಟ್ಟವು. ಬಾಯಿ ಕ್ಯಾನ್ಸರಿನ 100 ರೋಗಿಗಳಲ್ಲಿ 60 ಮಂದಿ ಹೊಗೆಸೊಪ್ಪು ಜಗಿಯುವವರು, ಹೋಲಿಕೆಯ 100 ಮಂದಿಯಲ್ಲಿ 30. ಅಡ್ಡ ಗುಣಿಸಿ ಭಾಗಿಸಿದರೆ, 60×70 ಭಾಗಿಸು 40×30, ಸಂಬಂಧ ಎಷ್ಟು ಬಲವೆಂದು ತೋರಿಸುವ ಆಡ್ಸ್ ಅನುಪಾತ 3.5. ಈಗ ಎರಡೂ ಗುಂಪಿನಲ್ಲಿ ಜಗಿಯುವ ಐದು ಜನರಲ್ಲಿ ಒಬ್ಬರು “ಇಲ್ಲ” ಎಂದು ಬಿಟ್ಟರು. 60 ಇದ್ದದ್ದು 48 ಆಯಿತು, 30 ಇದ್ದದ್ದು 24 ಆಯಿತು. ಅನುಪಾತ 2.92ಕ್ಕೆ ಬಂತು. ತಪ್ಪು ಎರಡೂ ಕಡೆ ಒಂದೇ, ಸಂಬಂಧ ಮಾತ್ರ ತೆಳುವಾಯಿತು.

ಇನ್ನು ನಿಮ್ಮ ವಾಕ್ಯ. ಅದರಲ್ಲಿ ಎರಡು ಪದಗಳು ಕಾಡುತ್ತವೆ, ‘ಶೂನ್ಯ’ ಮತ್ತು ‘ಇಳಿಸು’. ಅನುಪಾತದ ಲೆಕ್ಕದಲ್ಲಿ ಪರಿಣಾಮವೇ ಇಲ್ಲ ಎಂಬುದರ ಗುರುತು 1, ಸೊನ್ನೆ ಅಲ್ಲ. ಇಂಗ್ಲಿಷಿನ ‘ನಲ್’ ಅನ್ನು ನಾವು ಶೂನ್ಯ ಮಾಡಿಕೊಂಡೆವು, ಓದುವವರು ಸೊನ್ನೆ ಎಂದೇ ತಿಳಿಯುತ್ತಾರೆ. ಎರಡನೆಯದಾಗಿ, ರೋಗದಿಂದ ಕಾಪಾಡುವ ಅಭ್ಯಾಸವೊಂದನ್ನು ತೆಗೆದುಕೊಳ್ಳಿ. ಮೇಲಿನ ಅಂಕಿಗಳನ್ನೇ ತಿರುಗಿಸಿ ರೋಗಿಗಳಲ್ಲಿ 30, ಹೋಲಿಕೆಯವರಲ್ಲಿ 60 ಎಂದಿಟ್ಟರೆ ಅನುಪಾತ 0.29. ಅದೇ ಐದರಲ್ಲಿ ಒಂದರ ತಪ್ಪಿನಿಂದ ಅದು 0.34 ಆಗುತ್ತದೆ. ಅಂದರೆ ಅಂದಾಜು ಇಳಿಯಲಿಲ್ಲ, ಏರಿತು! ಒಂದರ ಹತ್ತಿರಕ್ಕೆ ಬಂತು, ಅಷ್ಟೇ. ‘ಇಳಿಸುತ್ತದೆ’ ಎಂದರೆ ಅರ್ಧ ಸಂದರ್ಭಗಳಲ್ಲಿ ಸುಳ್ಳಾಗುತ್ತದೆ.

ಮೈಸೂರಿನ ಅಧ್ಯಾಪಕರು:

ನಂಟಿಲ್ಲ ಎಂದು ಒಂದೇ ಏಟಿಗೆ ಹೇಳಿದಿರಿ, ಇರಲಿ. ಆದರೆ ನಿಮ್ಮ ಹಂಡೆಯ ಬಗ್ಗೆ ಒಂದು ಪ್ರಶ್ನೆ. ಹಂಡೆಯೂ ಕೊಡವೂ ಒಂದೇ ಅಳತೆಯವು ಎನ್ನೋಣ. ಅರ್ಧಕ್ಕಿಂತ ಹೆಚ್ಚು ನೀರು ಅದಲುಬದಲಾದರೆ? ಆಗ ತಣ್ಣೀರಿನ ಕೊಡವೇ ಹೆಚ್ಚು ಬಿಸಿಯಾಗುತ್ತದೆಯಲ್ಲವೇ?

ಬೆಂಗಳೂರಿನವರು:

ಸರಿಯಾದ ಜಾಗಕ್ಕೆ ಕೈ ಹಾಕಿದಿರಿ ಮೇಷ್ಟ್ರೇ. ಆಗ ಅಂದಾಜು ಒಂದನ್ನು ದಾಟಿ ಆಚೆ ಬದಿಗೇ ಹೋಗುತ್ತದೆ, ವಿಷ ಅಮೃತದಂತೆ ಕಾಣುತ್ತದೆ. ಮನುಷ್ಯರ ಮರೆವಿನಿಂದ ಅಷ್ಟು ಕೆಡುವುದು ಅಪರೂಪ. ಹೌದು ಎಂಬುದಕ್ಕೆ 1, ಇಲ್ಲ ಎಂಬುದಕ್ಕೆ 2 ಎಂದು ಕಂಪ್ಯೂಟರಿಗೆ ತುಂಬುವಾಗ ಯಾರೋ ತಿರುಗಾಮುರುಗಾ ಮಾಡಿದರೆ ಆಗುತ್ತದೆ.

ಕಲಬುರಗಿಯ ಗೆಳೆಯರ ‘ಯಾವಾಗಲೂ’ ಎಂಬ ಪದವೂ ನಿಲ್ಲುವುದಿಲ್ಲ. ಹೌದು, ಇಲ್ಲ ಎಂಬ ಎರಡೇ ಗುಂಪಿದ್ದಾಗ, ಅದೂ ಸರಾಸರಿಯಲ್ಲಿ ಮಾತ್ರ ಅದು ನಿಜ. ಒಂದು ಸಣ್ಣ ಸಮೀಕ್ಷೆಯಲ್ಲಿ ಕೇವಲ ಆಕಸ್ಮಿಕವಾಗಿ ಅಂದಾಜು ಆಚೆಗೂ ಹಾರಬಹುದು. ಮೂರು ಗುಂಪಾದರೆ ಕಥೆಯೇ ಬೇರೆ. ಜಗಿಯದವರು, ಸ್ವಲ್ಪ ಜಗಿಯುವವರು, ಬಹಳ ಜಗಿಯುವವರು ಎಂದಿರಲಿ. ರೋಗಿಗಳು ಕ್ರಮವಾಗಿ 20, 20, 80. ಹೋಲಿಕೆಯವರು 40, 40, 40. ಜಗಿಯದವರಿಗೆ ಹೋಲಿಸಿದರೆ ಸ್ವಲ್ಪ ಜಗಿಯುವವರ ಅನುಪಾತ 1, ಅಂದರೆ ಹೆಚ್ಚಿನ ಅಪಾಯವಿಲ್ಲ. ಬಹಳ ಜಗಿಯುವವರದು 4. ಈಗ ಬಹಳ ಜಗಿಯುವ ನಾಲ್ವರಲ್ಲಿ ಒಬ್ಬರು ನಾಚಿಕೆಯಿಂದ “ಸ್ವಲ್ಪ” ಎನ್ನುತ್ತಾರೆ, ಎರಡೂ ಕಡೆ ಅದೇ ಪ್ರಮಾಣದಲ್ಲಿ. ನಡುವಿನ ಗುಂಪಿನಲ್ಲಿ ರೋಗಿಗಳು 40, ಹೋಲಿಕೆಯವರು 50 ಆಗುತ್ತಾರೆ. ಅದರ ಅನುಪಾತ 1ರಿಂದ 1.6ಕ್ಕೆ ಏರುತ್ತದೆ, ಬಹಳದವರದು 4ರಲ್ಲೇ ನಿಲ್ಲುತ್ತದೆ. ಇಲ್ಲದ ಅಪಾಯ ಹುಟ್ಟಿತು. ಅಳತೆ ಏರಿದಂತೆ ಅಪಾಯ ಏರುತ್ತದೆ ಎಂಬ ಚಂದದ ಏಣಿಯೂ ಕಂಡಿತು, ಆದರೆ ನಡುವಿನ ಮೆಟ್ಟಿಲು ಸುಳ್ಳು.

ಶಿರಸಿಯಿಂದ, ಸದಸ್ಯೆ:

ನೀವೆಲ್ಲ ಲೆಕ್ಕದಲ್ಲಿ ಇದ್ದೀರಿ, ನನಗೆ ನನ್ನದೇ ನೆನಪಾಯಿತು. ನನ್ನ ಮೊದಲ ಮಗು ಸೀಳುತುಟಿಯೊಂದಿಗೆ ಹುಟ್ಟಿತು. ಸಮೀಕ್ಷೆಯವರು ಬಂದು ಬಸುರಿಯಾಗಿದ್ದಾಗ ಏನೇನು ಮಾತ್ರೆ ನುಂಗಿದಿರಿ ಎಂದು ಕೇಳಿದಾಗ ನಾನು ಎಲ್ಲವನ್ನೂ ಹೇಳಿದೆ, ತಲೆನೋವಿಗೆ ನುಂಗಿದ ಒಂದೇ ಒಂದು ಮಾತ್ರೆಯನ್ನೂ ಬಿಡಲಿಲ್ಲ. ಆ ಒಂಬತ್ತು ತಿಂಗಳನ್ನು ನಾನು ರಾತ್ರಿಯೆಲ್ಲ ತಿರುವಿ ಹಾಕಿದ್ದೆ. ಪಕ್ಕದ ಮನೆಯವಳ ಮಗು ಚೆನ್ನಾಗಿತ್ತು. ಅವಳು “ಅಯ್ಯೋ, ಏನೂ ತೆಗೆದುಕೊಂಡ ನೆನಪಿಲ್ಲ” ಎಂದಳು. ಅವಳಿಗೆ ಮಾತ್ರೆ ತಂದುಕೊಟ್ಟವಳು ನಾನೇ! ಇದು ಯಾವ ಬಗೆಯ ತಪ್ಪು? ತಪ್ಪು ಮಾಡಿದವಳು ನಾನೋ, ಅವಳೋ?

ಬೆಂಗಳೂರಿನವರು:

ಅಮ್ಮ, ನಿಮ್ಮಿಬ್ಬರದೂ ತಪ್ಪಲ್ಲ. ತಪ್ಪಿದ್ದು ಹೋಲಿಕೆ. ಇದೇ ಎರಡನೆಯ ಬಗೆ. ಮಾತ್ರೆಗೂ ತೊಂದರೆಗೂ ಸಂಬಂಧವೇ ಇಲ್ಲ, ಎರಡೂ ಕಡೆ ನೂರಕ್ಕೆ 30 ತಾಯಂದಿರು ಮಾತ್ರೆ ನುಂಗಿದ್ದರು ಎನ್ನೋಣ. ನಿಮ್ಮಂಥವರು 30 ಮಂದಿಯೂ ನೆನಪಿಟ್ಟು ಹೇಳಿದರು, ಆ ಕಡೆ 24 ಮಂದಿ ಮಾತ್ರ ಹೇಳಿದರು. ಅನುಪಾತ 1 ಇರಬೇಕಾದದ್ದು 1.36 ಆಗಿ, ಮಾತ್ರೆಯ ಮೇಲೆ ಸುಳ್ಳು ಅಪವಾದ ಬರುತ್ತದೆ. ಮೊದಲ ಬಗೆಯ ತಪ್ಪು, ಎರಡೇ ಗುಂಪಿರುವಾಗ, ಸರಾಸರಿಯಲ್ಲಿ ಇಲ್ಲದ ಸಂಬಂಧವನ್ನು ಹುಟ್ಟಿಸುವುದಿಲ್ಲ. ಇದು ಹುಟ್ಟಿಸುತ್ತದೆ.

ಹೊಗೆಸೊಪ್ಪಿನ ಲೆಕ್ಕಕ್ಕೆ ಇದನ್ನೇ ತಂದರೆ 3.5 ಹೋಗಿ 4.75 ಆಗುತ್ತದೆ. ಆದರೆ ರೋಗಿಗಳೇ ಹೆಚ್ಚು ನೆನಪಿಡುತ್ತಾರೆ ಎಂಬ ನಿಯಮವೇನೂ ಇಲ್ಲ. “ಚಟದಿಂದ ಬಂತು” ಎನಿಸಿಕೊಳ್ಳುವ ಅವಮಾನಕ್ಕೆ 60 ರೋಗಿಗಳಲ್ಲಿ 36 ಮಂದಿ ಮಾತ್ರ ಒಪ್ಪಿಕೊಂಡು, ಹೋಲಿಕೆಯವರು ನಿಜ ಹೇಳಿದರೆ ಅನುಪಾತ 1.31ಕ್ಕೆ ಕುಸಿಯುತ್ತದೆ. ‘ಎತ್ತ ಬೇಕಾದರೂ’ ಎಂದು ನೀವು ಬರೆದದ್ದು ಸರಿ.

ಕಲಬುರಗಿಯ ವಿದ್ಯಾರ್ಥಿ:

‘ಯಾವಾಗಲೂ’ ಎಂಬುದನ್ನು ಹಿಂದಕ್ಕೆ ಪಡೆಯುತ್ತೇನೆ ಸರ್. ಆದರೆ ಕೈಯಲ್ಲಿ ಬರೀ 2.92 ಇದ್ದಾಗ, ತಪ್ಪು ಎರಡೂ ಕಡೆ ಒಂದೇ ಇತ್ತು ಎಂದು ಹೇಗೆ ತಿಳಿಯುವುದು?

ಬೆಂಗಳೂರಿನವರು:

ಆ ಅಂಕಿಯನ್ನು ಎಷ್ಟು ದಿಟ್ಟಿಸಿದರೂ ತಿಳಿಯದು. ಎರಡೂ ಗುಂಪಿನಿಂದ ಕೆಲವರನ್ನು ಆರಿಸಿ ಅವರ ಮಾತನ್ನು ಬೇರೆ ಸಾಕ್ಷಿಯೊಂದಿಗೆ ತಾಳೆ ನೋಡಬೇಕು. ಮಾತ್ರೆಯಾದರೆ ಹಳೆಯ ಔಷಧಿ ಚೀಟಿ. ಹೊಗೆಸೊಪ್ಪಾದರೆ ಅದರ ನಿಕೋಟಿನ್‌ನಿಂದ ದೇಹದಲ್ಲಿ ಉಂಟಾಗಿ ಎಂಜಲಿನಲ್ಲಿ ಸಿಗುವ ಕೋಟಿನಿನ್, ಆದರೆ ಅದು ಈಚಿನ ಕೆಲವು ದಿನಗಳ ಬಳಕೆಯನ್ನಷ್ಟೇ ಹೇಳುತ್ತದೆ. ಹತ್ತು ವರ್ಷ ಜಗಿದು ರೋಗ ತಿಳಿದ ಮೇಲೆ ಬಿಟ್ಟವರನ್ನು ಅದು ‘ಜಗಿಯದವರು’ ಎಂದೇ ತೋರಿಸುತ್ತದೆ. ಜಗಿಯುವವರಲ್ಲಿ ನೂರಕ್ಕೆ 80 ಮಂದಿಯೇ ಒಪ್ಪಿಕೊಂಡರು, ಜಗಿಯದವರು ಯಾರೂ ಸುಳ್ಳು ಹೇಳಲಿಲ್ಲ ಎಂದು ಎರಡೂ ಕಡೆ ಗೊತ್ತಾದರೆ, 48 ಮತ್ತು 24ನ್ನು 0.8ರಿಂದ ಭಾಗಿಸಿ, 60 ಮತ್ತು 30ಕ್ಕೆ ಮರಳಬಹುದು.

ಧಾರವಾಡದ ಅನುವಾದಕಿ:

ಎಲ್ಲರಿಗೂ ಕೃತಜ್ಞತೆ. ಸದ್ಯಕ್ಕೆ ‘ಸಮತಪ್ಪು’, ‘ವಿಷಮತಪ್ಪು’ ಎಂದು ಇಟ್ಟುಕೊಂಡಿದ್ದೇನೆ. ವಾಕ್ಯ ಹೀಗೆ ಬದಲಾಯಿತು: “ಎರಡೇ ಗುಂಪಿದ್ದಾಗ ಸಮತಪ್ಪು ಸಾಮಾನ್ಯವಾಗಿ ಅಂದಾಜನ್ನು ಪರಿಣಾಮವಿಲ್ಲದ ಬೆಲೆಯ, ಅಂದರೆ ಅನುಪಾತದಲ್ಲಿ ಒಂದರ, ಹತ್ತಿರಕ್ಕೆ ತರುತ್ತದೆ, ವಿಷಮತಪ್ಪು ಅದನ್ನು ಒಂದರ ಹತ್ತಿರಕ್ಕೂ ತರಬಹುದು, ದೂರಕ್ಕೂ ಒಯ್ಯಬಹುದು.” ಉದ್ದವಾಯಿತು, ಗೊತ್ತು.

ಮೈಸೂರಿನ ಅಧ್ಯಾಪಕರು:

ಸಮ, ವಿಷಮ ಎಂದರೆ ಮಕ್ಕಳಿಗೆ ಎರಡು, ನಾಲ್ಕು, ಒಂದು, ಮೂರು ನೆನಪಾಗುತ್ತದೆ. ಭೇದಕ್ಕೆ ಬಂದ ಆಕ್ಷೇಪ ಇದಕ್ಕೂ ಬರಲಿ. ನನ್ನ ಮತ ಅವಕಲಕ್ಕೇ.

ಧಾರವಾಡದ ಅನುವಾದಕಿ:

ಮೇಷ್ಟ್ರೇ, ಆ ಆಕ್ಷೇಪಕ್ಕೆ ನನ್ನ ಬಳಿ ಉತ್ತರವಿಲ್ಲ. ಹೊಸ ವಾಕ್ಯವನ್ನು ಅದೇ ಶುಶ್ರೂಷಕಿಗೆ ತೋರಿಸಿದೆ. ಪದದ ಬಗ್ಗೆ ಅವರು ಏನೂ ಹೇಳಲಿಲ್ಲ. “ಹಾಗಾದರೆ ಪ್ರಶ್ನೆ ಕೇಳುವ ನನಗೆ ಎದುರಿಗಿರುವವರು ರೋಗಿಯೋ ಅಲ್ಲವೋ ಎಂದು ಮೊದಲೇ ತಿಳಿಸಬೇಡಿ. ರೋಗಿ ಎಂದು ಗೊತ್ತಾದರೆ ನಾನೇ ಎರಡು ಸಲ ಕೆದಕಿ ಕೇಳುತ್ತೇನೆ” ಎಂದರು. ಸ್ವಲ್ಪ ಹೊತ್ತು ಬಿಟ್ಟು ಅವರೇ, “ಆದರೆ ಬಾಯಿ ಕ್ಯಾನ್ಸರ್ ಆದವರು ಬಾಯಿ ತೆರೆದ ಕೂಡಲೇ ಗೊತ್ತಾಗಿಬಿಡುತ್ತದೆಯಲ್ಲ, ಆಗ ಏನು ಮಾಡುವುದು?” ಎಂದು ಕೇಳಿದರು. ಬೆಂಗಳೂರಿನವರೇ, ಇದಕ್ಕೆ ಏನು ಹೇಳಲಿ?